ಸೊನ್ನೆ ರೂಪಾಯಿಯ ಮೇಲ್

ರಾಯಬಾಗ ತಾಲೂಕಿನ ನಮ್ಮೂರಲ್ಲಿ ಕಾಕಾ ಅವರ ಗೊಬ್ಬರದ ಅಂಗಡಿ ಇದೆ. ಸಂಶೋಧನೆಗೆಂದು ಕಲಿತ ಪೈಥಾನ್‌ನಲ್ಲಿ, ರಜೆಗೆ ಬಂದಾಗ ಅವರಿಗೊಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟೆ. ರಾತ್ರಿ ಎಂಟೂವರೆಗೆ ಅದು ಬಿಲ್ಲುಗಳನ್ನು ಓದಿ, ದಿನದ ಮಾರಾಟ, ಬರಬೇಕಾದ ಉದ್ರಿ, ಮುಗಿಯುತ್ತಿರುವ ಮಾಲು, ಈ ಮೂರನ್ನೂ ಮೇಲ್ ಮಾಡಬೇಕು. ಆ ಹೊತ್ತಿಗೆ ಕಂಪ್ಯೂಟರ್ ಬಂದಾಗಿದ್ದರೆ, ಮರಳಿ ಶುರುವಾದ ಕೂಡಲೇ ಓಡುವಂತೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಗುರುತು ಹಾಕಿದ್ದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ.

ಒಂದು ದಿನ ಕಾಕಾ ಆಯಿಯನ್ನು ಮೀರಜಿನ ದವಾಖಾನೆಗೆ ಕರೆದೊಯ್ದಿದ್ದರು. ಅಂಗಡಿ ನೋಡಿಕೊಂಡವನು ಕೆಲಸದ ಹುಡುಗ. ಮರುದಿನ ಮುಂಜಾನೆ ಮೇಲ್ ಬಂತು: ಮಾರಾಟ ₹0. ಕಾಕಾ ಫೋನಿನಲ್ಲೇ ಹುಡುಗನ ಮೇಲೆ ಹರಿಹಾಯ್ದರು. 'ನಾ ದಿನಾ ಪೂರ್ತಿ ಕುಂತೇನ್ರಿ, ಬಿಲ್ ಪುಸ್ತಕಾ ನೋಡ್ರಿ' ಎಂದು ಅವನು ಅತ್ತನಂತೆ.

ಬಿಲ್ಲುಗಳೆಲ್ಲ ಇದ್ದವು. ಸಂಜೆ ಕರೆಂಟ್ ಹೋಗಿ ಕಂಪ್ಯೂಟರ್ ಬಂದಾಗಿತ್ತು. ಮುಂಜಾನೆ ಹಚ್ಚಿದಾಗ ಸ್ಕ್ರಿಪ್ಟ್ ಓಡಿತು. ಆದರೆ ನಾನು ಬರೆದಿದ್ದ `date.today()` ಅಷ್ಟೊತ್ತಿಗೆ ಹೊಸ ದಿನವನ್ನು ಹೇಳುತ್ತಿತ್ತು. ಆ ದಿನದ ಮೊದಲ ಬಿಲ್ಲು ಇನ್ನೂ ಹರಿದಿರಲಿಲ್ಲ. ಲೆಕ್ಕ ತಪ್ಪಿರಲಿಲ್ಲ, ಪ್ರಶ್ನೆಯೇ ತಪ್ಪಿತ್ತು.

'ಇಂದು' ಎಂಬ ಮಾತನ್ನೇ ತೆಗೆದುಹಾಕಿದೆ. ಹಿಂದಿನ ಮೇಲ್ ಹೋದ ಹೊತ್ತನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಅಲ್ಲಿಂದೀಚಿನದನ್ನು ಕೂಡಿಸಿದೆ:

```sql
WHERE bill_time > :last_sent
  AND bill_time <= :now
```

ಮೇಲ್ ಯಶಸ್ವಿಯಾಗಿ ಹೋದ ಮೇಲೆಯೇ `:now` ಹೊತ್ತನ್ನು ಆ ಫೈಲಿಗೆ ಬರೆಯಬೇಕು. ಮೊದಲೇ ಬರೆದರೆ, ಇಂಟರ್ನೆಟ್ ಇಲ್ಲದ ರಾತ್ರಿಯ ಮಾರಾಟ ಯಾವ ಮೇಲಿನಲ್ಲೂ ಬರುವುದಿಲ್ಲ. ಈಗ ಒಂದು ರಾತ್ರಿ ತಪ್ಪಿದರೆ ಮುಂದಿನ ಮೇಲ್ ಎರಡೂ ದಿನಗಳನ್ನು ಹೊತ್ತು ತರುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದು ಅದರ ಮೊದಲ ಸಾಲು.

ಉದ್ರಿಯಲ್ಲೂ ಇಂಥದ್ದೇ ತಪ್ಪು ಮಾಡಿದ್ದೆ. ಮೂವತ್ತು ದಿನ ದಾಟಿದ ಬಾಕಿಯನ್ನೆಲ್ಲ ಕೆಂಪಕ್ಷರದಲ್ಲಿ ತೋರಿಸಿದ್ದೆ. ಅರ್ಧ ಊರೇ ಕೆಂಪಾಗಿತ್ತು. 'ಕಬ್ಬ ಇನ್ನ ಹೊಲದಾಗ ನಿಂತೈತಿ, ರೊಕ್ಕಾ ಎಲ್ಲಿಂದ ತರತಾರೋ?' ಎಂದು ಕಾಕಾ ನಕ್ಕರು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂಬುದು ನಿಯಮ. ಹಾಗಾಗಿ ಪ್ರತಿ ಗಿರಾಕಿಯ ಮುಂದೆ ಕಬ್ಬು ಹೋದ ತಾರೀಖಿಗೊಂದು ಕಾಲಂ ಸೇರಿಸಿ, ಅಲ್ಲಿಂದ 14 ದಿನ ಎಣಿಸಿದೆ. ತಾರೀಖು ಖಾಲಿ ಇದ್ದವರು ಕೆಂಪಾಗುವುದಿಲ್ಲ. ಕಾರ್ಖಾನೆಯೇ ತಡಮಾಡಿದರೆ ಅದು ಸ್ಕ್ರಿಪ್ಟಿಗೆ ತಿಳಿಯದು, ಕಾಕಾನೇ ತಿಳಿದು ಸುಮ್ಮನಿರಬೇಕು.

ಆ ಹುಡುಗ ಇನ್ನೂ ಅಂಗಡಿಯಲ್ಲಿದ್ದಾನೆ. ರಾತ್ರಿಯ ಮೇಲ್ ಈಗ ಅವನ ಫೋನಿಗೂ ಹೋಗುತ್ತದೆ. ಅದು ಅವನೇ ಕೇಳಿದ್ದು.