ಈರುಳ್ಳಿಯ ಕಣ್ಣೀರು ಅರಬಿ ಭಾಷೆಯಲ್ಲಿ

ನಿಮ್ಮ ಮನೆಯವರಲ್ಲಿ ಯಾರಾದರೂ ಗಲ್ಫಿನಲ್ಲಿದ್ದರೆ ಇಂತಹ ಅನುಭವ ನಿಮಗೂ ಆಗಿರಬಹುದು. ಕನ್ನಡ ಪತ್ರಿಕೆಯ ಒಂದು ತುಣುಕಿನ ಫೋಟೋ ಮೊಬೈಲಿಗೆ ಬರುತ್ತದೆ. ಕೆಳಗೆ "ಇದನ್ನು ಅರಬಿಯಲ್ಲಿ ಬರೆದು ಕೊಡಿ" ಎಂಬ ಕೋರಿಕೆ. ಮದ್ರಸದಲ್ಲಿ ಕಲಿತವರಿಗೆ ಇದೇನು ಮಹಾ ಕೆಲಸ ಎಂದು ಜನ ತಿಳಿದಿದ್ದಾರೆ. ಆದರೆ ಕಿತಾಬಿನ ಅರಬಿಯೇ ಬೇರೆ, ಪತ್ರಿಕೆಯ ಅರಬಿಯೇ ಬೇರೆ.

2023ರ ಡಿಸೆಂಬರ್‌ನಲ್ಲಿ ನನ್ನ ಅಕ್ಕನ ಮಗ ದುಬೈಯಿಂದ ಒಂದು ಫೋಟೋ ಕಳಿಸಿದ. ಅವನು ತರಕಾರಿ ಸಗಟು ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದಾನೆ. "ಖಾಲಾ, ನಮ್ಮ ಅರಬಾಬರಿಗೆ ಇದು ಸಂಜೆಯೊಳಗೆ ಬೇಕು. ಊರಿಂದ ಈರುಳ್ಳಿ ಬರುತ್ತದೋ ಇಲ್ಲವೋ ಎಂಬುದೇ ಅವರ ಚಿಂತೆ" ಎಂದ. ನಾಲ್ಕು ಕಾಲಂ ಸುದ್ದಿ. ಮೇಲೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ: "ಕೊಯ್ದವನಿಗೇ ಕಣ್ಣೀರು!"

ನಮಗೆ ನೋಡಿದ ಕೂಡಲೇ ನಗುವೂ ಬರುತ್ತದೆ, ನೋವೂ ಆಗುತ್ತದೆ. ಅಡುಗೆಮನೆಯಲ್ಲಿ ಈರುಳ್ಳಿ ಕೊಯ್ದರೆ ಕಣ್ಣೀರು, ಹೊಲದಲ್ಲಿ ಬೆಳೆ ಕೊಯ್ದವನಿಗೂ ಕಣ್ಣೀರು. ಒಂದೇ ಕ್ರಿಯಾಪದ ಎರಡು ಕೆಲಸ ಮಾಡಿದೆ. ಅರಬಿಯಲ್ಲಿ ಈ ಅನುಕೂಲವಿಲ್ಲ. ಕತ್ತರಿಸುವುದಕ್ಕೆ 'ಕತಅ', ಬೆಳೆ ಕೊಯ್ಯುವುದಕ್ಕೆ 'ಹಸದ'. ಯಾವುದನ್ನು ಹಾಕಿದರೂ ಅರ್ಧ ಮಾತು ಬಿದ್ದುಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈರುಳ್ಳಿ ಮತ್ತು ಕಣ್ಣೀರು ಎಂದರೆ ದೂರದ ಓದುಗ ಬೆಲೆ ಏರಿದೆ, ಕೊಳ್ಳುವವರು ಅಳುತ್ತಿದ್ದಾರೆ ಎಂದೇ ತಿಳಿದಾನು. ಇಲ್ಲಿ ನಡೆದದ್ದು ತದ್ವಿರುದ್ಧ. ಕೇಂದ್ರ ಸರಕಾರ ಡಿಸೆಂಬರ್ 8ರಿಂದ ಈರುಳ್ಳಿ ರಫ್ತನ್ನು ನಿಷೇಧಿಸಿತ್ತು. ಮಾರುಕಟ್ಟೆಯಲ್ಲಿ ಬೆಲೆ ಕುಸಿದು ಬೆಳೆದವನು ಅಳುತ್ತಿದ್ದ.

ಆದ್ದರಿಂದ 'ಕೊಯ್ಯು' ಎಂಬ ಆಟವನ್ನು ಬಿಟ್ಟೆ, ಕಣ್ಣೀರನ್ನು ಉಳಿಸಿಕೊಂಡೆ. ಈರುಳ್ಳಿ ಅಳಿಸುವುದು ಅರಬರ ಅಡುಗೆಮನೆಯಲ್ಲೂ ಉಂಟಲ್ಲ! "ಅಲ್-ಬಸಲ್ ಯುಬ್ಕೀ ಮುಝಾರಿಈಹಿ" ಎಂದು ಬರೆದೆ, ಅಂದರೆ ಈರುಳ್ಳಿ ತನ್ನ ಬೆಳೆಗಾರರನ್ನೇ ಅಳಿಸುತ್ತಿದೆ. ಅಳುವವರು ಯಾರೆಂಬುದು ಈಗ ಸ್ಪಷ್ಟ. ಕ್ರಿಯಾಪದವನ್ನು ಮೊದಲು ಇಡುವುದು ನಾವು ಮದ್ರಸದಲ್ಲಿ ಕಲಿತ ರೂಢಿ. ಆದರೆ ಅರಬಿ ಪತ್ರಿಕೆಯ ಶೀರ್ಷಿಕೆಯಲ್ಲಿ ಸಾಮಾನ್ಯವಾಗಿ ಹೆಸರು ಮುಂದೆ ಬರುತ್ತದೆ, ಆಗಿಹೋದದ್ದನ್ನೂ ವರ್ತಮಾನದಲ್ಲೇ ಹೇಳುತ್ತಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡನೆಯ ಸಾಲು: ಭಾರತ ರಫ್ತು ನಿಷೇಧಿಸಿದೆ, ಬೆಲೆ ಕುಸಿದಿದೆ. ಮೂಲದಲ್ಲಿ ಈ ಉಪಶೀರ್ಷಿಕೆ ಇರಲಿಲ್ಲ. ನಿಷೇಧದ ಮಾತು ಮೂರನೇ ಕಾಲಂನಲ್ಲಿ ಅಡಗಿತ್ತು. ನಮ್ಮ ಊರಿನ ಓದುಗರಿಗೆ ಅದು ಹಿಂದಿನ ದಿನವೇ ಗೊತ್ತಿದ್ದ ವಿಷಯ. ದುಬೈಯ ವ್ಯಾಪಾರಿಗೆ ಅದೇ ಸುದ್ದಿ.

ಇನ್ನು ಕಾಲಂಗಳ ವಿಷಯ. ಕನ್ನಡ ಸುದ್ದಿ ಎಡಗಡೆಯ ಕಾಲಂನಿಂದ ಆರಂಭವಾಗಿ ಬಲಕ್ಕೆ ಸಾಗುತ್ತದೆ. ಅರಬಿಯಲ್ಲಿ ಮೊದಲ ಕಾಲಂ ಬಲತುದಿಯದು. ನಾಲ್ಕನ್ನೂ ಇದ್ದ ಜಾಗದಲ್ಲೇ ಅನುವಾದಿಸಿ ಇಟ್ಟರೆ ಅರಬ್ ಓದುಗ ಸುದ್ದಿಯನ್ನು ಬಾಲದಿಂದ ಓದುತ್ತಾನೆ. ನಾನು ಮೊದಲು ಫೋಟೋದ ಮೇಲೆ 1, 2, 3, 4 ಎಂದು ಗುರುತು ಹಾಕುತ್ತೇನೆ, ಒಂದೊಂದನ್ನು ಮೇಲಿಂದ ಕೆಳತನಕ ಓದಿ ಮುಗಿಸುತ್ತೇನೆ, ಆಮೇಲೆ ಬಲದಿಂದ ಜೋಡಿಸುತ್ತೇನೆ. ಮೊಬೈಲಿನಿಂದ ಅಕ್ಷರ ತೆಗೆಸಿದರೆ ಅದು ಕೆಲವೊಮ್ಮೆ ಒಂದು ಕಾಲಂನ ಸಾಲನ್ನು ಪಕ್ಕದ ಕಾಲಂನ ಸಾಲಿಗೆ ಅಂಟಿಸಿಬಿಡುತ್ತದೆ. ಸಾಲಿನ ಕೊನೆಯಲ್ಲಿ ಮುರಿದ ಪದಕ್ಕೆ ಮುಂದಿನ ತುಂಡು ಹೊಂದದಿದ್ದರೆ ಅಲ್ಲೇ ಅಡ್ಡದಾರಿ ಹಿಡಿದಿದೆ ಎಂದು ತಿಳಿಯಿರಿ. ಈ ತುಣುಕಿನಲ್ಲಂತೂ ಬಲ ಅಂಚಿನಲ್ಲಿ ಬಸ್ಸು ಮಗುಚಿದ ಬೇರೊಂದು ಸುದ್ದಿಯ ಚೂರು ಸೇರಿಕೊಂಡಿತ್ತು!

ಚಿತ್ರವನ್ನು ಮಾತ್ರ ತಿರುಗಿಸಬಾರದು. ಅಡಿಬರಹದಲ್ಲಿ "ಎಡದಲ್ಲಿ ರೈತ" ಎಂದಿದ್ದರೆ ಅರಬಿಯಲ್ಲೂ ರೈತ ಎಡದಲ್ಲೇ ಇರಬೇಕು.

ಕೊನೆಗೆ ಬೆಲೆ. "ಕ್ವಿಂಟಾಲಿಗೆ 1,500-2,000 ರೂ." ಎಂದಿತ್ತು. ಕ್ವಿಂಟಾಲ್ ಎಂಬ ಪದದ ಮೂಲವೇ ಅರಬಿಯ 'ಕಿಂತಾರ್'. ಕುರ್‌ಆನಿನಲ್ಲಿ ಅದು ರಾಶಿ ಸಂಪತ್ತಿಗೆ ಬಂದಿರುವ ಪದವೆಂದು ನಿಮಗೆ ತಿಳಿದಿದೆ. ಮೂಲ ಒಂದೇ ಎಂದು ಅದನ್ನೇ ಬರೆದರೆ ಲೆಕ್ಕ ಕೆಡುತ್ತದೆ. ನಮ್ಮ ಕ್ವಿಂಟಾಲ್ 100 ಕಿಲೋ, ಈಜಿಪ್ಟಿನ ಹಳೆಯ ಕಿಂತಾರ್ ಸುಮಾರು 45 ಕಿಲೋ. ಅದರಂತೆ ಲೆಕ್ಕ ಹಾಕಿದವನಿಗೆ ಬೆಲೆ ಇಮ್ಮಡಿಗಿಂತ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ "ಪ್ರತಿ 100 ಕಿಲೋಗೆ" ಎಂದೇ ಬರೆದೆ. ನಡುವಿನ ಗೀಟನ್ನೂ ತೆಗೆದೆ. ಬಲದಿಂದ ಎಡಕ್ಕೆ ಸಾಗುವ ಸಾಲಿನಲ್ಲಿ ಆ ಎರಡು ಅಂಕಿಗಳು ಅದಲು ಬದಲಾಗಿ ಕಾಣಿಸುವುದುಂಟು. 'ಮಿನ್ 1,500 ಇಲಾ 2,000' ಎಂದರೆ ಆ ಗೋಜಿಲ್ಲ.

ಅಸರ್ ಆದ ಮೇಲೆ ಕಳಿಸಿಕೊಟ್ಟೆ. ಮಗ್‌ರಿಬ್‌ಗೆ ಮೊದಲೇ ಅವನ ಫೋನ್ ಬಂತು. ಅರಬಾಬರು ಎರಡನೇ ಸಾಲು ಓದಿದವರೇ ಬೇರೆ ದೇಶದ ಈರುಳ್ಳಿಗೆ ವಿಚಾರಿಸಲು ಹೊರಟರಂತೆ. ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ.