ನೀರಿನ ಲೆಕ್ಕ, ದಡದ ಲೆಕ್ಕ

ತಿಪಟೂರು ಸೀಮೆಯಲ್ಲಿ ಹುಟ್ಟಿದವನಿಗೂ ದೋಣಿಗೂ ಎತ್ತಣಿಂದೆತ್ತ ಸಂಬಂಧ? ನಮಗೆ ಗೊತ್ತಿರೋದು ತೆಂಗು, ಕೊಬ್ಬರಿ, ಅಟ್ಟ, ಬೋರ್‌ವೆಲ್. ಹರಿಯೋ ನೀರು ಅಂದ್ರೆ ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಬರೋ ನಾಲೆ. ಚಿಕ್ಕವರಿದ್ದಾಗ ಅದರೊಳಗೊಂದು ಕಾಯಿ ಬಿದ್ದರೆ ಏರಿ ಮೇಲೆ ಅದರ ಜೊತೆ ಓಡೋದೇ ನಮ್ಮ ಜಲಕ್ರೀಡೆ. ಆ ಓಟದಲ್ಲಿ ಒಂದು ಪಾಠ ಇತ್ತು ಅಂತ ಗೊತ್ತಾಗಿದ್ದು ಬಿಇ ಮುಗಿಸಿ ಹತ್ತಾರು ವರ್ಷ ಆದ ಮೇಲೆ, ಮೂಲ್ಕಿಯ ಶಾಂಭವಿ ಹೊಳೆಯಲ್ಲಿ.

ಡಿಸೆಂಬರ್ ರಜೆ. ಮನೆಮಂದಿಯೆಲ್ಲ ಕರಾವಳಿಗೆ ಹೋಗಿದ್ವಿ. ಸಂಜೆ 4:40ಕ್ಕೆ ನಾನು, ನನ್ನ ಬಾಮೈದ ಇಬ್ಬರು ಕೂರುವ ಒಂದು ಕಯಾಕ್ ಹತ್ತಿದೆವು. ಅಪ್ಪ ದಡದಲ್ಲಿ ತೆಂಗಿನಮರದ ಬುಡಕ್ಕೆ ಒರಗಿ ಕೂತರು. ಅಳಿವೆಯ ಕಡೆ 3 ಕಿಲೋಮೀಟರ್ ಹೋಗಿ ವಾಪಸ್ ಬರೋದು ನನ್ನ ಪ್ಲ್ಯಾನ್. ಬೆಳಗ್ಗೆ ನಿಂತ ನೀರಲ್ಲಿ ಆಡುವಾಗ ಕೈಗಡಿಯಾರದ ಜಿಪಿಎಸ್ ಗಂಟೆಗೆ 5 ಕಿಲೋಮೀಟರ್ ತೋರಿಸಿತ್ತು. ಹೋಗಿಬರೋದು 6 ಕಿಲೋಮೀಟರ್ ಅಂದ್ರೆ 72 ನಿಮಿಷ. ಆರಕ್ಕೆ ಮುಂಚೆ ಕಾಫಿ. ನೀರು ಅಳಿವೆಯ ಕಡೆ ಇಳೀತಿದೆ ಅನ್ನೋದು ಕಾಣ್ತಿತ್ತು. ಆದರೆ ಹೋಗುವಾಗ ಎಷ್ಟು ಲಾಭವೋ ಬರುವಾಗ ಅಷ್ಟೇ ನಷ್ಟ, ಒಟ್ಟು ಲೆಕ್ಕ ಸರಿಹೋಗುತ್ತೆ ಅಂತ ತೀರ್ಮಾನಿಸಿದ್ದೆ.

ಹೋಗುವಾಗ ಗಡಿಯಾರ 7 ತೋರಿಸಿತು. ನಾನದನ್ನು ನನ್ನ ತೋಳಿನ ಖಾತೆಗೆ ಜಮಾ ಮಾಡಿಕೊಂಡೆ. ಇಲ್ಲೇ ಎಡವಿದ್ದು. ಜಿಪಿಎಸ್‌ಗೆ ನೀರು ಅನ್ನೋದೇ ಗೊತ್ತಿಲ್ಲ, ಅದು ಅಳೆಯೋದು ನೆಲದ ಮೇಲಿನ ವೇಗ. ನನ್ನ ಹುಟ್ಟಿಗೆ ಗೊತ್ತಿರೋದು ನೀರಿನೊಳಗಿನ ವೇಗ ಮಾತ್ರ. ಅದು ಆಗಲೂ 5 ಇತ್ತು, ಉಳಿದ 2 ಹೊಳೆಯದ್ದು. ದೋಣಿಯ ಪಕ್ಕದಲ್ಲಿ ಜಾರಿಹೋಗೋ ನೀರನ್ನು ನೋಡಿದರೆ ಈ ಎರಡು ಇದೆ ಅಂತ ಗೊತ್ತೇ ಆಗಲ್ಲ. ಹೊಳೆ ನಮ್ಮನ್ನೂ ಆ ನೀರನ್ನೂ ಒಟ್ಟಿಗೇ ಹೊತ್ತುಕೊಂಡು ಹೋಗ್ತಿರುತ್ತೆ. ದಡದ ಕಡೆ ಕಣ್ಣು ಹಾಯಿಸಿದರೆ ಮಾತ್ರ ತಿಳಿಯೋದು.

26 ನಿಮಿಷಕ್ಕೆ 3 ಕಿಲೋಮೀಟರ್ ಮುಗೀತು. ತಿರುಗಿಸಿದೆವು. ಅದೇ ತೋಳು, ಅದೇ ಹುಟ್ಟು, ಗಡಿಯಾರದಲ್ಲಿ ಮಾತ್ರ 3.

ಲೆಕ್ಕ ಯಾಕೆ ಸರಿಹೋಗಲ್ಲ ಅನ್ನೋದು ಆ ಕ್ಷಣಕ್ಕೆ ಹೊಳೀತು. ಹೋಗುವಾಗ ಹೊಳೆ ನಮಗೆ ಸಹಾಯ ಮಾಡಿದ್ದು 26 ನಿಮಿಷ ಮಾತ್ರ. 3ರ ವೇಗದಲ್ಲಿ ವಾಪಸ್ ಬರೋಕೆ 60 ನಿಮಿಷ ಬೇಕು, ಅಂದ್ರೆ ಅದೇ ಹೊಳೆ 60 ನಿಮಿಷ ನಮ್ಮನ್ನು ಹಿಂದಕ್ಕೆ ಎಳೆಯುತ್ತೆ. ದೂರ ಸಮ, ಸಮಯ ಸಮ ಅಲ್ಲ. ಒಟ್ಟು 86 ನಿಮಿಷ, ಸರಾಸರಿ ವೇಗ ಗಂಟೆಗೆ 4.2. ಏಳು ಮತ್ತು ಮೂರನ್ನು ಕೂಡಿ ಎರಡರಿಂದ ಭಾಗಿಸಿದರೆ ಬರೋ 5 ನಮ್ಮ ತೋಳಿನ ವೇಗ, ಪ್ರಯಾಣದ ಸರಾಸರಿ ಅಲ್ಲ. ಅವೆರಡರ ವ್ಯತ್ಯಾಸದ ಅರ್ಧ, ಅಂದ್ರೆ 2, ಹೊಳೆಯ ವೇಗ. ಹೊಳೆಯ ವೇಗ ನಮ್ಮ ವೇಗಕ್ಕೆ ಹತ್ತಿರ ಆದಷ್ಟೂ ವಾಪಸ್ ದಾರಿ ಬೆಳೀತಾ ಹೋಗುತ್ತೆ. ಎರಡೂ ಒಂದೇ ಆದರೆ ಮುಗಿಯೋದೇ ಇಲ್ಲ.

'ಭಾವ, ಜೋರಾಗಿ ಹೊಡೆಯೋಣ' ಅಂದ ಬಾಮೈದ. ಹೊಡೆದೆವು. ನೀರಲ್ಲಿ 6, ನೆಲದ ಮೇಲೆ 4. ಹತ್ತೇ ನಿಮಿಷ. ನೀರಿನ ತಡೆ ವೇಗದ ವರ್ಗದಂತೆ ಏರುತ್ತೆ, ಹಾಗಾಗಿ ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ಘನದಂತೆ ಏರುತ್ತೆ. ಐದರಿಂದ ಆರಕ್ಕೆ ಹೋಗೋಕೆ ಸುಮಾರು ಮುಕ್ಕಾಲು ಪಾಲು ಜಾಸ್ತಿ ಕಸುವು ಬೇಕು. ದಿನವಿಡೀ ಕುರ್ಚಿ ಮೇಲೆ ಕೂರೋ ನಮ್ಮಂಥವರ ಹತ್ತಿರ ಅದೆಲ್ಲಿಂದ ಬರಬೇಕು? ಭುಜ ಸೋತು ನೀರಿನೊಳಗಿನ ವೇಗ 4ಕ್ಕೆ ಇಳೀತು, ದಡದ ಲೆಕ್ಕದಲ್ಲಿ ಬರೀ 2. ನೀರು ಕುಡಿಯೋಕೆ ಅಂತ ಎರಡು ನಿಮಿಷ ಹುಟ್ಟು ಕೆಳಗಿಟ್ಟೆವು. ಅಷ್ಟರಲ್ಲಿ ಅರವತ್ತು ಚಿಲ್ಲರೆ ಮೀಟರ್ ಹಿಂದಕ್ಕೆ ಹೋಗಿದ್ವಿ. ನಮ್ಮ ತೋಟದಲ್ಲಿ 30 ಅಡಿಗೊಂದು ಮರ. ಆ ಅಳತೆಯಲ್ಲಿ ಏಳು ಮರ ಕಳೆದುಕೊಂಡ ಹಾಗೆ.

ತಿರುಗಿ ಅರ್ಧ ಗಂಟೆ ಆಗಿತ್ತು, ಅರ್ಧ ದಾರಿಯೂ ಬಂದಿರಲಿಲ್ಲ. ಸೂರ್ಯ ಕೆಂಪಗಾಗಿದ್ದ. ಲೈಫ್ ಜಾಕೆಟ್ ಇತ್ತು, ಟಾರ್ಚ್ ಇರಲಿಲ್ಲ. ಬಾಮೈದ ಮಾತು ನಿಲ್ಲಿಸಿದ್ದ. ಅವನನ್ನು ಕರೆದುಕೊಂಡು ಬಂದವನು ನಾನು.

ಬಲೆ ಬಿಡಿಸ್ತಾ ಕೂತಿದ್ದ ಒಬ್ಬರು ದೋಣಿಯಿಂದಲೇ ಕೂಗಿದರು: 'ನಡುವಲ್ಲಿ ಯಾಕೆ ಒದ್ದಾಡ್ತೀರಿ ಮಾರಾಯ್ರೇ? ಬದಿಗೆ ಬನ್ನಿ!'

ಬದಿಗೆ ಹೋದೆವು. ಹುಟ್ಟು ಹಾಕೋ ಜೋರು ಅಷ್ಟೇ, ಗಡಿಯಾರದಲ್ಲಿ ಮಾತ್ರ 3 ಬಂತು. ತಳಕ್ಕೂ ದಡಕ್ಕೂ ಉಜ್ಜಿಕೊಂಡು ಹರಿಯೋದರಿಂದ ಅಂಚಿನ ನೀರು ನಿಧಾನ, ಆಳವಾದ ನಡುನೀರು ಜೋರು. ತಿರುವಿನಲ್ಲಿ ಹೊರಮಗ್ಗುಲು ಜೋರು, ಒಳಮಗ್ಗುಲು ನಿಧಾನ. ಆ ಬದಿಯಲ್ಲಿ ಹೊಳೆಯ ವೇಗ 1 ಇತ್ತು ಅಷ್ಟೇ. ಎರಡರಿಂದ ಮೂರಕ್ಕೆ ಏರೋಕೆ ಒಂದು ತೊಟ್ಟು ಬೆವರೂ ಹೆಚ್ಚು ಹರಿಸಬೇಕಾಗಲಿಲ್ಲ. ತೀರಾ ಅಂಚಿಗೂ ಹೋಗಬಾರದು. ಕಾಂಡ್ಲಾ ಬೇರು, ಕಟ್ಟಿದ ಬಲೆ ಇರುತ್ತೆ, ಮೊಣಕಾಲುದ್ದದ ನೀರಲ್ಲಿ ದೋಣಿ ತಳ ಹಿಡಿದ ಹಾಗೆ ಭಾರ ಆಗುತ್ತೆ.

ಉಳಿದ ದಾರಿಗೆ ಇನ್ನೂ ಅರ್ಧ ಗಂಟೆ ಮೇಲಾಯ್ತು. ದಡ ಮುಟ್ಟಿದಾಗ 6:10 ದಾಟಿತ್ತು, ಮುಖ ಸರಿಯಾಗಿ ಕಾಣದಷ್ಟು ಮಬ್ಬು. ಅಪ್ಪ ಮೊಣಕಾಲುದ್ದ ನೀರಲ್ಲಿ ನಿಂತಿದ್ದರು. ಅವರಿಗೆ ಈಜು ಬರಲ್ಲ.

'ನೀವು ಹೋದ ಮೇಲೆ ಒಂದು ಕಾಯಿ ತೇಲ್ಕಂಡು ಹೋಯ್ತು ಕಣೋ. ನಾನು ಜೊತೇಲಿ ನಡೀತಾ ನೋಡ್ದೆ, ನಿಧಾನದ ನಡಿಗೆಯಷ್ಟಿತ್ತು. ಅಷ್ಟೂ ನಿಮಗೆ ಎದುರು ಬತ್ತದೆ ಅಂತ ಆಗ್ಲೇ ಅನ್ಕಂಡೆ' ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ಸಂಜೆ ನಾವಿಬ್ಬರೂ ಅದನ್ನೇ ಅಳೆದೆವು. ದಡದ ಎರಡು ಮರಗಳ ನಡುವೆ 30 ಮೀಟರ್ ಗುರುತು ಮಾಡಿ, ಮೇಲುಗಡೆಯಿಂದ ಸಿಪ್ಪೆ ಸಮೇತ ಒಂದು ಕಾಯಿಯನ್ನು ನಡುನೀರಿಗೆ ಎಸೆದೆ. ಕಾಯಿ ಮುಕ್ಕಾಲು ಮುಳುಗಿಯೇ ತೇಲೋದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳಲ್ಲ. 54 ಸೆಕೆಂಡ್ ಹಿಡೀತು. ಲೆಕ್ಕ ಹಾಕಿದರೆ ಗಂಟೆಗೆ 2 ಕಿಲೋಮೀಟರ್. ಕಾಯಿ ಸಿಗದಿದ್ದರೆ ಹೊಳೆಯ ನಡುವೆ ಒಂದು ನಿಮಿಷ ಹುಟ್ಟು ಎತ್ತಿಟ್ಟು ಗಡಿಯಾರ ನೋಡಿದರೂ ಆಯ್ತು. ಅದು ತೋರಿಸೋದು ಹೊಳೆಯ ವೇಗ, ಗಾಳಿಯ ತಳ್ಳೂ ಸ್ವಲ್ಪ ಸೇರಿರುತ್ತೆ.

ಈಗ ನಾನು ದೂರ ಗೊತ್ತು ಮಾಡಿಕೊಂಡು ಹೋಗಲ್ಲ, ಸಮಯ ಹಂಚಿಕೊಂಡು ಹೋಗ್ತೀನಿ. ಕೈಯಲ್ಲಿ 90 ನಿಮಿಷ ಇದ್ದು, ಆವತ್ತಿನಂತೆ ಏಳು–ಮೂರರ ಹೊಳೆ ಆದರೆ, ಹತ್ತರಲ್ಲಿ ಮೂರು ಪಾಲು, ಅಂದ್ರೆ 27ನೇ ನಿಮಿಷಕ್ಕೆ ತಿರುಗಲೇಬೇಕು. ಅರ್ಧ ಸಮಯ ಆಗಲಿ ಅಂತ 45 ನಿಮಿಷ ಕಾದರೆ ವಾಪಸ್ ಬರೋಕೆ 105 ನಿಮಿಷ. ಇನ್ನೂ ಒಳ್ಳೇದು ಮೊದಲು ಹರಿವಿಗೆ ಎದುರು ಹೋಗೋದು. ಆಗ 63 ನಿಮಿಷ ಹೋದರೂ ಹೊಳೆಯೇ ಮನೆಗೆ ತಂದು ಬಿಡುತ್ತೆ. ಅಳಿವೆ ಹತ್ತಿರದ ಹೊಳೆಯಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಅಲ್ಲಿ ಸುಮಾರು ಆರು ಗಂಟೆಗೊಮ್ಮೆ ಭರತ–ಇಳಿತ ಅದಲುಬದಲಾಗುತ್ತೆ. ಬೆಳಗಿನ ಲೆಕ್ಕ ಸಂಜೆಗೆ ನಡೆಯಲ್ಲ.

ಅದಕ್ಕೇ ಹೊರಡೋ ಮುಂಚೆ ಒಂದು ಕಾಯಿ ಎಸೀತೀನಿ. ಅಪ್ಪ ಜೊತೆಯಲ್ಲಿದ್ದರೆ ಅವರೇ ಎಸೀತಾರೆ, ನಾನು ಸೆಕೆಂಡ್ ಎಣಿಸ್ತೀನಿ.