ಅರ್ಧ ಪುಟದ ಓದು

ವಾರದಲ್ಲಿ ಮೂರು ದಿನ ವಿನೋಬನಗರದಿಂದ ಹರಿಹರಕ್ಕೆ ಪಾಠ ಹೇಳಲು ಹೋಗುತ್ತೇನೆ. ಪಿಎಚ್.ಡಿ.ಯ ಓದು ಹೆಚ್ಚಾಗಿ ಬಸ್ಸಿನಲ್ಲೇ ಆಗಬೇಕು. ನನ್ನ ಫೋನಿನ ಪರದೆಯ ಅಗಲ 65 ಮಿಲಿಮೀಟರ್, ಎ4 ಪುಟದ್ದು 210. ಇಡೀ ಪುಟ ತೆರೆದರೆ 10 ಪಾಯಿಂಟಿನ ಅಕ್ಷರ 3ಕ್ಕೆ ಇಳಿಯುತ್ತದೆ. ಹಿಗ್ಗಿಸಿದರೆ, ಎಡ ಕಾಲಂ ಮುಗಿದ ಕೂಡಲೇ ಪುಟವನ್ನು ಮತ್ತೆ ಮೇಲಕ್ಕೂ ಬಲಕ್ಕೂ ಎಳೆಯಬೇಕು. ಬಸ್ಸು ಕುಲುಕಿದರೆ ಸಾಲೇ ತಪ್ಪುತ್ತದೆ.

ಅದಕ್ಕೆ ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಹೊಡೆದು ಮಲಗುತ್ತಿದ್ದೆ:

```
mutool poster -x 2 paper.pdf half.pdf
```

ಇದು ಪ್ರತಿ ಪುಟವನ್ನು ನಟ್ಟನಡುವೆ ಸೀಳುತ್ತದೆ. ಎಂಟು ಪುಟ ಹದಿನಾರಾಗುತ್ತದೆ, ಮೊದಲು ಎಡಭಾಗ, ಆಮೇಲೆ ಬಲಭಾಗ. ಅಕ್ಷರ 6 ಪಾಯಿಂಟಿಗೆ ಬರುತ್ತದೆ. ಕಣ್ಣಿಗೆ ಅಷ್ಟೇ ಸಾಕಾಗಿತ್ತು.

ಆದರೆ ಈ ಕತ್ತರಿಗೆ ಪುಟದಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಎರಡೂ ಕಾಲಂ ಮೇಲೆ ಹಾಸಿದ್ದ ಒಂದು ಕೋಷ್ಟಕವನ್ನೂ ಅದು ಸೀಳಿತ್ತು. ಸ್ಯಾಂಪಲ್‌ಗಳ ಹೆಸರು ಒಂದು ಪುಟದಲ್ಲಿ, ಫಲಿತಾಂಶದ ಅಂಕಿಗಳು ಮುಂದಿನ ಪುಟದಲ್ಲಿ. ನಾನು ಸಾಲು ಎಣಿಸಿ ಜೋಡಿಸಿಕೊಂಡೆ. ಎಡಭಾಗದಲ್ಲಿ ಒಂದು ಉಪಶೀರ್ಷಿಕೆ ಇಡೀ ಸಾಲು ತಿಂದಿತ್ತು. ಬಲಭಾಗದಲ್ಲಿ ಆ ಜಾಗ ಬರೀ ಖಾಲಿ. ಅಲ್ಲಿಂದಾಚೆ ನನ್ನ ಲೆಕ್ಕ ಒಂದೊಂದು ಸಾಲು ಜಾರಿತು. 67 ಎಂದಿರಬೇಕಾದ ಕಡೆ ಅಧ್ಯಾಯದಲ್ಲಿ 92 ಎಂದು ಬರೆದೆ.

ಗೈಡ್ ಕರಡು ನೋಡಿ, "ಇದು ಯಾವ ಸ್ಯಾಂಪಲ್‌ದಮ್ಮಾ? ಮೂಲ ತೆಗಿ, ನೋಡೋಣ" ಎಂದರು. "ಬಸ್ಸಲ್ಲಿ ಓದಿದ್ದು ಸರ್" ಎನ್ನಲು ಬಾಯಿ ಬರಲಿಲ್ಲ. ಆ ಒಂದು ಅಂಕಿಯ ಮೇಲೆ ಎರಡು ಪ್ಯಾರಾ ವಾದ ಕಟ್ಟಿದ್ದೆ. ಎರಡನ್ನೂ ಅಳಿಸಿದೆ.

ಈಗ ಬಳಸುವುದು ಬೇರೆ:

```
k2pdfopt -mode 2col paper.pdf
```

ಇದು ಕಾಲಂಗಳ ನಡುವಿನ ಬಿಳಿ ಓಣಿಯನ್ನು ಹುಡುಕಿ, ಆ ಓಣಿ ಇರುವಲ್ಲಿ ಮಾತ್ರ ಕತ್ತರಿಸುತ್ತದೆ. ಶೀರ್ಷಿಕೆ, ಸಾರಾಂಶಗಳಂಥ ಅಡ್ಡಗಲದ ಭಾಗಗಳು ಸಾಮಾನ್ಯವಾಗಿ ಇಡಿಯಾಗಿ ಉಳಿಯುತ್ತವೆ. ಅಂಚಿನ ಖಾಲಿ ಜಾಗವೂ ಹೋಗುವುದರಿಂದ 89 ಮಿಲಿಮೀಟರಿನ ಕಾಲಂನಲ್ಲಿ ಅಕ್ಷರ 7 ಪಾಯಿಂಟ್ ದಾಟುತ್ತದೆ. ಹಾಗಂತ ಇದನ್ನೂ ಪೂರ್ತಿ ನಂಬುವಂತಿಲ್ಲ: ಕೋಷ್ಟಕದ ನಡುವೆಯೇ ಅಗಲವಾದ ಬಿಳಿ ಪಟ್ಟಿ ಇದ್ದರೆ ಅದನ್ನೂ ಓಣಿ ಎಂದುಕೊಂಡು ಸೀಳಿಬಿಡುತ್ತದೆ.

ಗುರುತು ಹಿಡಿಯುವುದು ಸುಲಭ. ಕೋಷ್ಟಕದ ಅಡ್ಡಗೆರೆ ಪುಟದ ಅಂಚಿಗೆ ತಾಗಿ ಥಟ್ಟನೆ ನಿಂತಿದ್ದರೆ, ಅಥವಾ ಅಂಕಿಗಳ ಸಾಲಿಗೆ ಹೆಸರೇ ಇಲ್ಲದಿದ್ದರೆ, ಉಳಿದರ್ಧ ಬೇರೆಲ್ಲೋ ಇದೆ ಎಂದರ್ಥ. ಅಂಥ ಪುಟ ಬಂದಾಗ ಮೂಲ ಕಡತವನ್ನೇ ತೆರೆದು ಫೋನನ್ನು ಅಡ್ಡ ಹಿಡಿಯುತ್ತೇನೆ. ಬಸ್ಸಿನಲ್ಲಿ ವಾದ ಓದುತ್ತೇನೆ. ಅಂಕಿ ಬರೆದುಕೊಳ್ಳುವುದು ಮಾತ್ರ ಮನೆಗೆ ಬಂದು, ಇಡೀ ಪುಟ ಎದುರಿಗಿಟ್ಟುಕೊಂಡ ಮೇಲೆ.